ಒಂದೇ ಮಹಾಪ್ರಬಂಧ, ಅಧ್ಯಾಯಕ್ಕೊಂದು ಬೀಗ

ಮೌಖಿಕ ಪರೀಕ್ಷೆ ಮುಗಿದ ಮೇಲೆ ಉಳಿದದ್ದು ಪಿಎಚ್‌.ಡಿ. ಪ್ರಬಂಧವನ್ನು ವಿಶ್ವವಿದ್ಯಾಲಯದ ಆನ್‌ಲೈನ್ ಭಂಡಾರವಾದ ರೆಪಾಸಿಟರಿಗೆ ಸೇರಿಸುವುದಷ್ಟೇ. ಅರ್ಧ ಗಂಟೆಯ ಕೆಲಸ ಎಂದುಕೊಂಡು 2022ರ ಜೂನ್‌ನಲ್ಲಿ ಅರ್ಜಿ ತೆರೆದೆ. ಅದು ಎರಡು ಸಲ ಗ್ರಂಥಾಲಯದಿಂದ ಮರಳಿ ಬಂದು, ಕೊನೆಗೂ ಅಂಗೀಕಾರವಾದದ್ದು ಆಗಸ್ಟ್ 20ಕ್ಕೆ. ನಾನು ಇಡೀ ಪ್ರಬಂಧವನ್ನು ಒಂದೇ ವಸ್ತುವಾಗಿ ನೋಡುತ್ತಿದ್ದೆ. ಹಕ್ಕುಸ್ವಾಮ್ಯದ ಕಣ್ಣಿಗೆ ಅದು ಆರು ಬೇರೆ ಬೇರೆ ವಸ್ತುಗಳಾಗಿತ್ತು.

ಆರು ಅಧ್ಯಾಯಗಳಲ್ಲಿ ಮೂರು ಆಗಲೇ ಪ್ರಕಟವಾಗಿದ್ದವು. ಎರಡನೆಯದು ಸಿಸಿ ಬಿವೈ, ಅಂದರೆ ಮೂಲವನ್ನು ಹೆಸರಿಸಿ ಯಾರು ಬೇಕಾದರೂ ಮರುಬಳಸಬಹುದಾದ ಪರವಾನಗಿಯ ಮುಕ್ತ ಪತ್ರಿಕೆಯಲ್ಲಿ ಬಂದಿತ್ತು. ಯಾರನ್ನೂ ಕೇಳಬೇಕಿರಲಿಲ್ಲ, ಮೂಲ ಲೇಖನದ ವಿವರ, ಅದರ ಶಾಶ್ವತ ಡಿಜಿಟಲ್ ಗುರುತಾದ ಡಿಒಐ ಮತ್ತು ಪರವಾನಗಿಯ ಹೆಸರನ್ನು ಅಧ್ಯಾಯದ ಮೊದಲ ಪುಟದಲ್ಲಿ ಬರೆದು, ಏನೇನು ಬದಲಿಸಿದ್ದೇನೆ ಎಂದು ಹೇಳಿದರೆ ಸಾಕಾಯಿತು. ಮೂರನೆಯದು ಚಂದಾ ಪತ್ರಿಕೆಯ ಲೇಖನ. ಅದರ ಹಕ್ಕುಸ್ವಾಮ್ಯವನ್ನು ನಾನೇ ಸಹಿ ಹಾಕಿ ಪ್ರಕಾಶಕರಿಗೆ ವರ್ಗಾಯಿಸಿದ್ದೆ. ನಾಲ್ಕನೆಯದು ಸಂಪಾದಿತ ಗ್ರಂಥವೊಂದರ ಅಧ್ಯಾಯ. ನಿಜವಾದ ತಲೆನೋವು ಈ ಎರಡರದು.

ಮೂರನೆಯ ಅಧ್ಯಾಯಕ್ಕೆ ಪ್ರಕಾಶಕರ ಪುಟದಲ್ಲಿಯೇ ಉತ್ತರವಿತ್ತು. ಪ್ರಬಂಧದಲ್ಲಿ ಬಳಸಲು ಲೇಖಕರಿಗೆ ಅನುಮತಿ ಉಂಟು, ಆದರೆ ಪ್ರಬಂಧ ಅಂತರ್ಜಾಲದಲ್ಲಿ ಸಿಗುವುದಾದರೆ ಸ್ವೀಕೃತ ಹಸ್ತಪ್ರತಿಯನ್ನು ಮಾತ್ರ ಹಾಕಬೇಕು ಎಂದಿತ್ತು. ಎಲ್ಲ ಪ್ರಕಾಶಕರೂ ಹೀಗಿಲ್ಲ. ಸ್ಪ್ರಿಂಗರ್ ನೇಚರ್ ತನ್ನ ಲೇಖಕರಿಗೆ ಅಂತಿಮ ಮುದ್ರಿತ ರೂಪವನ್ನೇ ಅವರ ಪ್ರಬಂಧದಲ್ಲಿ ಬಳಸಲು ಬಿಡುತ್ತದೆ. ಐಇಇಇ ಆನ್‌ಲೈನ್ ಪ್ರಬಂಧಕ್ಕೆ ಸ್ವೀಕೃತ ರೂಪವೇ ಬೇಕು ಎನ್ನುತ್ತದೆ. ಆದ್ದರಿಂದ ಸ್ನೇಹಿತರ ಅನುಭವ ನಂಬಿ ಮುಂದುವರಿಯುವಂತಿಲ್ಲ. ನಿಮ್ಮ ಪತ್ರಿಕೆಯ ಪುಟವನ್ನೇ ಓದಬೇಕು.

ಸ್ವೀಕೃತ ಹಸ್ತಪ್ರತಿ ಎಂದರೆ ಯಾವುದು ಎಂಬಲ್ಲಿ ನಾನು ಮೊದಲ ಸಲ ಎಡವಿದೆ. ಪ್ರಕಾಶಕರು ತಿದ್ದುಪಡಿಗೆಂದು ಕಳುಹಿಸಿದ ಕರಡಚ್ಚು ನನ್ನ ಬಳಿ ಇತ್ತು. ಇನ್ನೂ ಪ್ರಕಟವಾಗದ ರೂಪ ತಾನೇ ಎಂದುಕೊಂಡು ಅದನ್ನೇ ಸೇರಿಸಿದೆ. ಆದರೆ ಕರಡಚ್ಚಿನ ಪುಟವಿನ್ಯಾಸ ಪ್ರಕಾಶಕರದು. ಸ್ವೀಕೃತ ಹಸ್ತಪ್ರತಿ ಎಂದರೆ ವಿಮರ್ಶಕರ ಮಾತಿಗೆ ತಕ್ಕಂತೆ ತಿದ್ದಿ ನಾವು ಕೊನೆಯ ಬಾರಿ ಪತ್ರಿಕೆಗೆ ಕಳುಹಿಸಿದ, ಸಂಪಾದಕರು ಒಪ್ಪಿದ ಕಡತ. ಗುರುತಿಸುವುದು ಸುಲಭ: ಪುಟದ ತಲೆಯಲ್ಲಿ ಪತ್ರಿಕೆಯ ಹೆಸರೋ ಬುಡದಲ್ಲಿ ಪ್ರಕಾಶಕರ ಹಕ್ಕುಸ್ವಾಮ್ಯದ ಸಾಲೋ ಕಂಡರೆ, ಎರಡು ಅಂಕಣಗಳ ಅಚ್ಚುಕಟ್ಟಾದ ಜೋಡಣೆ ಇದ್ದರೆ, ಅದು ಬಹುಮಟ್ಟಿಗೆ ನಮ್ಮದಲ್ಲ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ `paper_R2_clean.docx` ಎಂಬ ಕಡತ ಸಿಕ್ಕಿತು. ಅದರ ಪಠ್ಯ ಮತ್ತು ಚಿತ್ರಗಳನ್ನು ಪ್ರಬಂಧದ ವಿನ್ಯಾಸಕ್ಕೆ ಒಗ್ಗಿಸಿದೆ. ಪುಟವಿನ್ಯಾಸದ ಹೊತ್ತಿನಲ್ಲಿ ಬಿದ್ದಿದ್ದ ಎರಡು ಸಣ್ಣ ತಿದ್ದುಪಡಿಗಳನ್ನು ನಾನೇ ಕೈಯಾರೆ ಸೇರಿಸಿಕೊಂಡೆ.

ನಾಲ್ಕನೆಯದಕ್ಕೆ ಇಂಥ ಸಿದ್ಧ ಉತ್ತರ ಇರಲಿಲ್ಲ. ಪತ್ರಿಕೆಗಳ ಲೇಖನದ ಪುಟದಲ್ಲಿ ಅನುಮತಿಯ ಕೊಂಡಿ ಸಿಗುತ್ತದೆ, ಅಲ್ಲಿ ‘Reuse in a thesis/dissertation’ ಆರಿಸಿದರೆ ಬಹಳ ಸಲ ಶೂನ್ಯ ಶುಲ್ಕದ ಪರವಾನಗಿ ಕೂಡಲೇ ಬರುತ್ತದೆ. ಈ ಗ್ರಂಥಕ್ಕೆ ಅಂಥ ಕೊಂಡಿಯೇ ಇರಲಿಲ್ಲ. ಪ್ರಕಾಶಕರ ಹಕ್ಕುಗಳ ವಿಭಾಗಕ್ಕೆ ಮಿಂಚಂಚೆ ಬರೆಯಬೇಕಾಯಿತು. ಮೊದಲ ಪತ್ರದಲ್ಲಿ ‘ನನ್ನ ಅಧ್ಯಾಯವನ್ನು ಪ್ರಬಂಧದಲ್ಲಿ ಬಳಸಬಹುದೇ’ ಎಂದಷ್ಟೇ ಕೇಳಿದೆ. ಮೂರು ವಾರಗಳ ನಂತರ ‘ಬಳಸಬಹುದು’ ಎಂಬ ಒಂದೇ ಸಾಲು ಬಂತು. ಖುಷಿಯಿಂದ ಗ್ರಂಥಾಲಯಕ್ಕೆ ಕಳುಹಿಸಿದೆ. ‘ಮುದ್ರಿತ ಪ್ರತಿಗೋ, ಅಂತರ್ಜಾಲಕ್ಕೋ?’ ಎಂದು ಗ್ರಂಥಪಾಲಕಿ ಮರಳಿ ಕೇಳಿದರು. ಆ ಸಾಲಿನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಎರಡನೆಯ ಪತ್ರವನ್ನು ಅವರು ಹೇಳಿದಂತೆ ಬರೆದೆ. ಗ್ರಂಥದ ಹೆಸರು, ಐಎಸ್‌ಬಿಎನ್, ಅಧ್ಯಾಯದ ಪುಟಗಳು, ಬಳಸುವುದು ಪೂರ್ಣ ಅಧ್ಯಾಯವೋ ಭಾಗವೋ, ಯಾವ ರೂಪ, ಪ್ರಬಂಧ ಇಡುವ ರೆಪಾಸಿಟರಿಯ ವಿಳಾಸ, ಅಲ್ಲಿ ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು ಎಂಬ ಮಾತು, ಅವಧಿಗೆ ಮಿತಿ ಇಲ್ಲ ಎಂಬುದು, ಇಷ್ಟನ್ನೂ ತಿಳಿಸಿದೆ. ಉತ್ತರ ಈ ಸಲ ಸ್ಪಷ್ಟವಾಗಿತ್ತು: ಮುದ್ರಿತ ಪ್ರತಿಯಲ್ಲಿ ಈಗಲೇ ಸೇರಿಸಬಹುದು, ಅಂತರ್ಜಾಲದಲ್ಲಿ ಗ್ರಂಥ ಪ್ರಕಟವಾಗಿ 24 ತಿಂಗಳಾದ ಮೇಲೆ. ಅಸ್ಪಷ್ಟ ‘ಹೌದು’ಗಿಂತ ಷರತ್ತಿನ ‘ಹೌದು’ ಮೇಲು ಎಂದು ನನಗೆ ಅನಿಸಿದ್ದು ಆಗ. ಸಹಲೇಖಕರಿಬ್ಬರ ಒಪ್ಪಿಗೆಯನ್ನು ಬೇರೆಯಾಗಿ ಬರವಣಿಗೆಯಲ್ಲಿ ಪಡೆದೆ. ಪ್ರಕಾಶಕರ ಅನುಮತಿ ಅದಕ್ಕೆ ಬದಲಿಯಾಗುವುದಿಲ್ಲ.

ಮುಂದಿನದು ದಿನದ ಲೆಕ್ಕ. ಅಧ್ಯಾಯ ಅಂಗೀಕಾರವಾದ ಪತ್ರ ನನ್ನ ಬಳಿ ಇತ್ತು, 2021ರ ನವೆಂಬರ್ 2ರದು. ಅಲ್ಲಿಂದ ಎರಡು ವರ್ಷ ಎಣಿಸಿದೆ. ಅದು ತಪ್ಪು, ಷರತ್ತು ಎಣಿಸುವುದು ಪ್ರಕಟಣೆಯಿಂದ, ಗ್ರಂಥ ಹೊರಬಂದದ್ದು 2022ರ ಮಾರ್ಚ್ 15ಕ್ಕೆ. ಅಲ್ಲಿಗೆ ನಿರ್ಬಂಧ ಮುಗಿಯುವುದು 2024ರ ಮಾರ್ಚ್ 15ಕ್ಕೆ. ಇನ್ನೊಂದು ತೊಡಕೂ ಇತ್ತು. ರೆಪಾಸಿಟರಿಯ ಅರ್ಜಿಯಲ್ಲಿ 6, 12, 18, 24 ತಿಂಗಳು ಎಂಬ ಆಯ್ಕೆಗಳಿದ್ದವು, ಎಲ್ಲವೂ ಪ್ರಬಂಧ ಸೇರಿದ ದಿನದಿಂದ ಎಣಿಸುವಂಥವು. ಆಗಸ್ಟ್ 20ರಿಂದ 18 ತಿಂಗಳು ಎಂದರೆ 2024ರ ಫೆಬ್ರವರಿ 20, ಮೂರು ವಾರ ಮುಂಚೆ ಬೀಗ ತೆರೆದು ಷರತ್ತು ಮುರಿಯುತ್ತಿತ್ತು. 24 ಆರಿಸಿದರೆ ಐದು ತಿಂಗಳು ಸುಮ್ಮನೆ ಮುಚ್ಚಿಟ್ಟಂತೆ. ಕೇಳಿದಾಗ ಗ್ರಂಥಪಾಲಕಿ ನೇರವಾಗಿ ದಿನಾಂಕವನ್ನೇ ನಮೂದಿಸಿದರು: `2024-03-15`.

ಒಂದು ಅಧ್ಯಾಯಕ್ಕಾಗಿ ಇಡೀ ಪ್ರಬಂಧವನ್ನು ಮುಚ್ಚಿಡಲು ನನಗೆ ಮನಸ್ಸಿರಲಿಲ್ಲ. ಹಾಗಾಗಿ ಎರಡು ಪಿಡಿಎಫ್ ಕೊಟ್ಟೆ. ಪೂರ್ಣ ಪ್ರತಿಗೆ ಆ ದಿನಾಂಕದವರೆಗೆ ತಡೆ. ಇನ್ನೊಂದರಲ್ಲಿ ನಾಲ್ಕನೆಯ ಅಧ್ಯಾಯದ ಜಾಗದಲ್ಲಿ ಒಂದೇ ಪುಟ, ಅದರ ಮೇಲೆ ಸಾರಾಂಶ, ಗ್ರಂಥದ ವಿವರ, ಡಿಒಐ. ಅಲ್ಲಿ ಸಾರಾಂಶ ಎಷ್ಟು ಬರೆಯಬೇಕು ಎಂಬುದೂ ಯೋಚಿಸುವ ಸಂಗತಿ. ತಡೆ ಬೀಳುವುದು ಕಡತಕ್ಕೆ. ಶೀರ್ಷಿಕೆ, ಲೇಖಕರ ಹೆಸರು, ಸಾರಲೇಖ ಸಾಮಾನ್ಯವಾಗಿ ಮೊದಲ ದಿನದಿಂದಲೇ ಎಲ್ಲರಿಗೂ ಕಾಣುತ್ತವೆ. ಪೇಟೆಂಟ್‌ಗೆ ಅರ್ಜಿ ಹಾಕಲಿದ್ದ ನಮ್ಮ ಪ್ರಯೋಗಾಲಯದ ಗೆಳತಿಯೊಬ್ಬಳು ಕಡತಕ್ಕೆ ಬೀಗ ಹಾಕಿ, ವಿಧಾನವನ್ನು ನಾಲ್ಕು ಸಾಲಿನ ಸಾರಲೇಖದಲ್ಲಿ ಬಿಡಿಸಿ ಬರೆದಿದ್ದಳು. ಸಲ್ಲಿಸುವ ಮುಂಚೆ ಯಾರೋ ಓದಿ ಎಚ್ಚರಿಸಿದ್ದರಿಂದ ಉಳಿದುಕೊಂಡಳು.

ಎರಡನೆಯ ಸಲ ಅರ್ಜಿ ಮರಳಿದ್ದಕ್ಕೆ ಕಾರಣ ನನ್ನದೇ ಉತ್ಸಾಹ. ಪರವಾನಗಿಯ ಕಲಮಿನಲ್ಲಿ ಇಡೀ ಪ್ರಬಂಧಕ್ಕೆ ಸಿಸಿ ಬಿವೈ ಎಂದು ಒತ್ತಿದ್ದೆ. ಮೂರು ಮತ್ತು ನಾಲ್ಕನೆಯ ಅಧ್ಯಾಯಗಳ ಹಕ್ಕು ಪ್ರಕಾಶಕರ ಕೈಯಲ್ಲಿರುವಾಗ, ಜಗತ್ತಿಗೆಲ್ಲ ಮರುಬಳಕೆಯ ಅನುಮತಿ ಕೊಡಲು ನಾನು ಯಾರು? ಒಮ್ಮೆ ಕೊಟ್ಟ ಸಿಸಿ ಪರವಾನಗಿಯನ್ನು ಹಿಂದಕ್ಕೆ ಪಡೆಯಲೂ ಆಗುವುದಿಲ್ಲ. ‘3 ಮತ್ತು 4ನೆಯ ಅಧ್ಯಾಯಗಳನ್ನು, ಅನುಮತಿ ಪಡೆದು ಬಳಸಿದ ಚಿತ್ರಗಳನ್ನು ಹೊರತುಪಡಿಸಿ’ ಎಂಬ ಸಾಲನ್ನು ಮುನ್ನುಡಿಯ ಪುಟದಲ್ಲೂ ಅರ್ಜಿಯಲ್ಲೂ ಸೇರಿಸಿದ ಮೇಲೆ ಅಂಗೀಕಾರವಾಯಿತು.

2024ರ ಮಾರ್ಚ್ 16ರ ಬೆಳಿಗ್ಗೆ ಬ್ರೌಸರಿನ ಖಾಸಗಿ ಕಿಟಕಿಯಲ್ಲಿ, ಲಾಗಿನ್ ಆಗದೆ ನನ್ನ ಪ್ರಬಂಧದ ಪುಟ ತೆರೆದೆ. ಲಾಗಿನ್ ಆಗಿದ್ದರೆ ಬೀಗ ಹಾಕಿದ ಕಡತವೂ ನನಗೆ ತೆರೆದುಕೊಳ್ಳಬಹುದು, ಅದರಿಂದ ಏನೂ ಗೊತ್ತಾಗುವುದಿಲ್ಲ. ಪೂರ್ಣ ಪ್ರತಿ ಇಳಿಯಿತು. ಆದರೆ ಪಟ್ಟಿಯಲ್ಲಿ ಮೊದಲು ಕಾಣುತ್ತಿದ್ದದ್ದು ಇನ್ನೂ ಅಧ್ಯಾಯ ಬಿಟ್ಟ ಪ್ರತಿಯೇ, ಓದುಗರು ಅದನ್ನೇ ಇಳಿಸಿಕೊಂಡು ಹೋಗುತ್ತಿದ್ದರು. ಗ್ರಂಥಾಲಯಕ್ಕೆ ಎರಡು ಸಾಲು ಬರೆದೆ. ಮರುದಿನ ಅವರು ಪೂರ್ಣ ಪ್ರತಿಯನ್ನು ಮೇಲಕ್ಕೆ ತಂದು, ಇನ್ನೊಂದನ್ನು ದಾಖಲೆಗಾಗಿ ಮಾತ್ರ ಉಳಿಸಿಕೊಂಡು ಓದುಗರ ಪಟ್ಟಿಯಿಂದ ತೆಗೆದರು.