ಹಾಸ್ಟೆಲಿಗೆ ಹೊರಟವರ ಲಸಿಕೆ, ನೀರು, ಬಾಟಲಿಯ ರಬ್ಬರು

ಹಾಸ್ಟೆಲಿಗೆ ಹೊರಟ ಮಕ್ಕಳು ಸಾಮಾನು ಕಟ್ಟುವುದನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ. ಹೊಸ ಬಕೆಟ್ಟು, ಹೊಸ ಬೆಡ್‌ಶೀಟು, ಡಬ್ಬದ ತುಂಬ ಚಟ್ನಿಪುಡಿ ಎಲ್ಲ ಬಂತು. ಟೈಫಾಯ್ಡ್ ಲಸಿಕೆ ಮಾತ್ರ ಬಸ್ಸು ಹತ್ತುವ ಹಿಂದಿನ ಸಂಜೆ ನೆನಪಾಗುತ್ತದೆ. ಸೂಜಿ ಚುಚ್ಚಿದ ಕೂಡಲೇ ಮೈಗೆ ಶಕ್ತಿ ಬರುವುದಿಲ್ಲ ಕಣ್ರೀ, ಎರಡು ವಾರ ಬೇಕು. ಮೊಮ್ಮಗಳು ಆಗಸ್ಟ್ 1ಕ್ಕೆ ಧಾರವಾಡದ ಹಾಸ್ಟೆಲ್ ಸೇರಬೇಕಿತ್ತು, ಜುಲೈ ಅರ್ಧ ಕಳೆಯುವ ಮೊದಲೇ ಅವಳನ್ನು ಎಳೆದುಕೊಂಡು ಹೋಗಿ ಹಾಕಿಸಿದೆ.

ಡಾಕ್ಟರ ಹತ್ತಿರ 'ಕಾಂಜುಗೇಟ್' ಎಂಬ ಹೊಸ ಬಗೆಯ ಲಸಿಕೆ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಒಂದೇ ಡೋಸು, ತೋಳಿಗೆ ಕೊಡುತ್ತಾರೆ. ಹಳೆಯ ಬಗೆಯದಾದರೆ ಮೂರು ವರ್ಷಕ್ಕೊಮ್ಮೆ ಮತ್ತೆ ಹಾಕಿಸಬೇಕು. ಆ ದಿನ ಜ್ವರವಿದ್ದರೆ ಅದು ಇಳಿಯುವವರೆಗೆ ತಡೆಯಿರಿ. ನಮ್ಮ ಕಾಲದಲ್ಲಿ ಶಾಲೆಗೇ ಬಂದು ಟೈಫಾಯ್ಡಿಗೆಂದು ಟಿ.ಎ.ಬಿ. ಇಂಜೆಕ್ಷನ್ ಚುಚ್ಚುತ್ತಿದ್ದರು. ತೋಳು ಊದಿ, ರಾತ್ರಿಯೆಲ್ಲ ಚಳಿಜ್ವರದಲ್ಲಿ ನರಳುತ್ತಿದ್ದೆವು. ಈಗಿನದಕ್ಕೆ ಒಂದೆರಡು ದಿನ ತೋಳು ನೋಯುತ್ತದೆ, ಹೆಚ್ಚೆಂದರೆ ಸ್ವಲ್ಪ ಮೈ ಬಿಸಿಯಾಗುತ್ತದೆ. ಅಷ್ಟಕ್ಕೇ ಮುಖ ಕಿವುಚುವುದೇ?

ಹಾಗೆಂದು ಲಸಿಕೆ ಹಾಕಿಸಿಕೊಂಡೆ ಎಂದು ಕಂಡ ಕಂಡ ನೀರು ಕುಡಿಯುವ ಹಾಗಿಲ್ಲ. ಅದು ಟೈಫಾಯ್ಡನ್ನು ಬಹುಮಟ್ಟಿಗೆ ತಡೆಯುತ್ತದೆ, ಪೂರ್ತಿ ಅಲ್ಲ. ಅದರ ತಮ್ಮನಂಥ ಪ್ಯಾರಾಟೈಫಾಯ್ಡನ್ನಾಗಲಿ, ನೀರಿನಿಂದ ಬರುವ ಕಾಮಾಲೆಯನ್ನಾಗಲಿ ತಡೆಯುವುದೇ ಇಲ್ಲ.

ಮೆಸ್ಸಿನಲ್ಲಿ ಈ ಹುಡುಗರು ಮಾಡುವ ಒಂದು ಕೆಲಸ ನೋಡಿ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಲೋಟಕ್ಕೆ ಅರ್ಧ ಬಿಸಿನೀರು ಹಿಡಿದು, ಮೇಲೆ ಅರ್ಧ ನಲ್ಲಿ ನೀರು ಬೆರೆಸಿ, 'ಕಾದ ನೀರೇ ಅಜ್ಜಿ' ಅನ್ನುತ್ತಾರೆ. ತಣ್ಣೀರಿನಲ್ಲಿದ್ದ ಕ್ರಿಮಿ ಆ ಉಗುರುಬೆಚ್ಚಗಿನ ನೀರಿನಲ್ಲಿ ಸಾಯುವುದಿಲ್ಲ. ಗೀಸರಿನ ಬಿಸಿನೀರೂ ಕುದಿದ ನೀರಲ್ಲ, ಅದು ಸ್ನಾನಕ್ಕೆ. ನೀರು ತಳದಿಂದ ಗುಳುಗುಳು ಉಕ್ಕಿ ಒಂದು ನಿಮಿಷವಾದರೂ ಕುದಿಯಬೇಕು. ಆಮೇಲೆ ಮುಚ್ಚಿಟ್ಟು ತಾನಾಗಿ ಆರಲು ಬಿಡಿ. ಕೋಣೆಯಲ್ಲಿ ಕೆಟಲ್ ಇಡಲು ವಾರ್ಡನ್ ಬಿಡದಿದ್ದರೆ, ರಾತ್ರಿ ಊಟದ ಹೊತ್ತಿಗೆ ಅಡುಗೆಯವರಿಂದ ಕುದಿಸಿದ ನೀರು ಕೇಳಿ ತುಂಬಿಸಿಕೊಳ್ಳಿ.

ತುಂಬಿಸುವುದು ಯಾವುದಕ್ಕೆ? ಲೋಳೆ ಹಿಡಿದ ಬಾಟಲಿಗೆ! ಒಳಗೆ ನೀರು ಕುಲುಕಿ ಚೆಲ್ಲಿದರೆ ತೊಳೆದಂತಾಯಿತೇ? ಕೊಳೆ ಇರುವುದು ಮುಚ್ಚಳದ ರಬ್ಬರ್ ಉಂಗುರದ ಹಿಂದೆ. ನಂಬದಿದ್ದರೆ ಬಿಚ್ಚಿ ಮೂಸಿ ನೋಡಿ. ಸ್ಟೀಲಿನ, ಅಗಲ ಬಾಯಿಯ, ಒಂದೇ ಪದರದ ಬಾಟಲಿ ಎರಡು ಕೊಳ್ಳಿ, ಒಂದು ಬಳಕೆಗೆ, ಒಂದು ಒಣಗಲು. ಚಮಚದ ಹಿಡಿಯಿಂದ ಉಂಗುರವನ್ನು ಮೆಲ್ಲಗೆ ಎಬ್ಬಿಸಿ. ಪಿನ್ನು ಚುಚ್ಚಿದರೆ ಹರಿಯುತ್ತದೆ. ಉಂಗುರಕ್ಕೂ ಅದು ಕೂರುವ ಸಂದಿಗೂ ಪಾತ್ರೆ ಸೋಪು ಹಚ್ಚಿ, ಇದಕ್ಕೆಂದೇ ಇಟ್ಟ ಹಲ್ಲುಜ್ಜುವ ಬ್ರಷ್ಷಿನಿಂದ ಸುತ್ತಲೂ ಉಜ್ಜಿ. ಬಾಟಲಿಯೊಳಗೆ ಒಂದು ಹಿಡಿ ಅಕ್ಕಿ, ಸೋಪು, ಸ್ವಲ್ಪ ಬಿಸಿನೀರು ಹಾಕಿ ಕೈ ಸೋಲುವವರೆಗೆ ಕುಲುಕಿದರೆ ತಳದ ಲೋಳೆಯೆಲ್ಲ ಕಿತ್ತು ಬರುತ್ತದೆ. ಸೋಪು ಹೋಗುವಂತೆ ಜಾಲಾಡಿಸಿ, ಕೊನೆಗೆ ಕುದಿನೀರು ಕಂಠದವರೆಗೆ ಹೊಯ್ದು, ಉಂಗುರವನ್ನೂ ಕುದಿನೀರಿನ ಲೋಟದಲ್ಲಿ ಮುಳುಗಿಸಿಡಿ. ನೀರು ಚೆಲ್ಲಿ ಬಾಟಲಿ ಬೋರಲು ಹಾಕಿ. ಪೂರ್ತಿ ಒಣಗುವ ಮೊದಲು ಉಂಗುರ ಕೂರಿಸಲೇಬಾರದು. ಬಟ್ಟೆಯಿಂದ ಒಳಗೆ ಒರೆಸುವುದೂ ಬೇಡ, ಆ ಬಟ್ಟೆ ಇನ್ನೇನು ಒರೆಸಿತ್ತೋ! ಮನೆಯಲ್ಲಿರುವ ಅಮ್ಮಂದಿರೂ ಕುಕ್ಕರಿನ ಗ್ಯಾಸ್ಕೆಟ್ಟನ್ನು ಹೀಗೆಯೇ ಬಿಚ್ಚಿ ತೊಳೆಯಿರಿ, ತಿಂಗಳ ಹಿಂದಿನ ಬೇಳೆ ಅಲ್ಲೇ ಕೂತಿರುತ್ತದೆ.

ಊಟದ್ದು ಹೆಚ್ಚು ಹೇಳುವುದಿಲ್ಲ. ಹಬೆಯಾಡುವ ಅನ್ನ ಸಾರು ಉಣ್ಣಿ. ಹಸಿ ಈರುಳ್ಳಿ, ಬೆಳಿಗ್ಗೆ ರುಬ್ಬಿಟ್ಟ ತೆಂಗಿನಕಾಯಿ ಚಟ್ನಿ, ಯಾವ ನೀರು ಬೆರೆಸಿದರೋ ಗೊತ್ತಿಲ್ಲದ ಮಜ್ಜಿಗೆ, ಹೆಚ್ಚಿಟ್ಟು ಮಾರುವ ಹಣ್ಣು ಬಿಡಿ. ಪಾನಿಪೂರಿಯಲ್ಲಿ ಪೂರಿಗಿಂತ ಪಾನಿಯದ್ದೇ ಭಯ. ಐಸು ಹಾಕಿದರೆ ಕ್ರಿಮಿ ಸಾಯುತ್ತದೆಂದು ಯಾರು ಹೇಳಿದರೋ! ಕಕ್ಕಸಿಗೆ ಹೋಗಿ ಬಂದು ಬರೀ ನೀರಿನಲ್ಲಿ ಕೈ ಅದ್ದಿ ತಟ್ಟೆಯ ಮುಂದೆ ಕೂರಬೇಡಿ, ಸೋಪು ಹಾಕಿ.

ಪಕ್ಕದ ಮನೆಯ ಹುಡುಗ ಹಾಸ್ಟೆಲಿನಲ್ಲಿ ಮಾಡಿಕೊಂಡದ್ದನ್ನು ಹೇಳಬೇಕು. ಸಂಜೆ ಸಂಜೆ ಜ್ವರ, ದಿನದಿಂದ ದಿನಕ್ಕೆ ಏರುತ್ತಿತ್ತು. ತಲೆನೋವು, ಹೊಟ್ಟೆನೋವು, ಊಟ ಸೇರದು. ಮೆಡಿಕಲ್ ಶಾಪಿನಲ್ಲಿ ಕೇಳಿ ಆ್ಯಂಟಿಬಯಾಟಿಕ್ ನುಂಗಿದ. ಜ್ವರ ನಿಲ್ಲದೆ ಆಸ್ಪತ್ರೆಗೆ ಹೋದಾಗ, ರಕ್ತದಲ್ಲಿರುವ ಕ್ರಿಮಿಯನ್ನು ಬೆಳೆಸಿ ನೋಡುವ ಬ್ಲಡ್ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಕ್ರಿಮಿಯನ್ನು ಅರೆಜೀವ ಮಾಡಿದ ಮೇಲೆ ರಕ್ತ ಕೊಟ್ಟರೆ ಹಾಗೇ ಆಗುವುದು. ಟೈಫಾಯ್ಡಿಗೆ ಮಾಡುವ ವಿಡಾಲ್ ಎಂಬ ಇನ್ನೊಂದು ರಕ್ತಪರೀಕ್ಷೆ ಒಂದನ್ನೇ ನಂಬುವಂತಿಲ್ಲ, ಅದು ಸುಳ್ಳು ಹೇಳುವುದೂ ಉಂಟು. ಕಡೆಗೆ ಡಾಕ್ಟರು ಲಕ್ಷಣ ನೋಡಿಯೇ ಚಿಕಿತ್ಸೆ ಮಾಡಬೇಕಾಯಿತು. ಮೂರು ದಿನ ದಾಟಿದ ಜ್ವರವನ್ನು ಕೋಣೆಯಲ್ಲಿ ಹೊದ್ದು ಮಲಗಿ ಕಳೆಯಬೇಡಿ. ಮನೆಗೆ ಫೋನ್ ಮಾಡಿ, ಡಾಕ್ಟರ ಹತ್ತಿರ ಹೋಗಿ, ಮೊದಲ ಮಾತ್ರೆ ನುಂಗುವ ಮೊದಲೇ ಕಲ್ಚರಿಗೆ ರಕ್ತ ಕೊಡಬೇಕೇ ಎಂದು ಕೇಳಿ. ಮಾತ್ರೆ ಕೊಟ್ಟ ಮೇಲೆ ಜ್ವರ ಇಳಿಯಿತೆಂದು ಅರ್ಧಕ್ಕೆ ಬಿಟ್ಟೀರಿ, ಮರುಕಳಿಸುತ್ತದೆ. ಹೇಳಿದಷ್ಟೂ ದಿನ ನುಂಗಿ.