ಗಡ್ಡೆ ದೊಡ್ಡದಿತ್ತು, ಆದರೂ ಥ್ರಂಬೊಲೈಸ್ ಮಾಡಲಿಲ್ಲ

ಹೋದ ಶ್ರಾವಣದಲ್ಲಿ ರೋಣದ ಕಡೆಯ ರೈತರೊಬ್ಬರು ಗದಗಿನ ನನ್ನ ನರ್ಸಿಂಗ್ ಹೋಮಿಗೆ ಬಂದರು. ವಯಸ್ಸು ಐವತ್ತರ ಆಸುಪಾಸು, ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡು ಮೂರು ವಾರ. ಏದುಸಿರು, ನಾಡಿ 118, ಬಿ.ಪಿ. ಮೇಲಿನದು 110. ಸಿಟಿಯಲ್ಲಿ ಎರಡೂ ಶ್ವಾಸಕೋಶಗಳ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತದ ದೊಡ್ಡ ಗಡ್ಡೆ. ಎಕೋದಲ್ಲಿ ಬಲ ಹೃತ್ಕುಕ್ಷಿ ಉಬ್ಬಿತ್ತು, ಹೃದಯಕ್ಕೆ ಪೆಟ್ಟಾದದ್ದನ್ನು ತೋರುವ ಟ್ರೊಪೊನಿನ್ ಕೂಡ ಪಾಸಿಟಿವ್.

ಹುಬ್ಬಳ್ಳಿಯ ಗೆಳೆಯನಿಗೆ ಫೋನ್ ಮಾಡಿದರೆ, "ಇಷ್ಟು ದೊಡ್ಡ ಗಡ್ಡಿ ಇಟ್ಕೊಂಡು ಯಾಕ ಕುಂತಿ, ಥ್ರಂಬೊಲೈಸ್ ಮಾಡಿಬಿಡು" ಅಂದ, ಅಂದರೆ ಔಷಧ ಕೊಟ್ಟು ಗಡ್ಡೆ ಕರಗಿಸು ಅಂತ. ಮಗನಂತೂ, "ಎತ್ತು ಮಾರಿ ರೊಕ್ಕ ತರ್ತೀನ್ರಿ ಸಾಹೇಬ್ರ" ಎಂದು ಕಣ್ಣೀರು ಹಾಕಿದ. ನಾನು ಒಪ್ಪಲಿಲ್ಲ. ನಾನು ನೋಡುವುದು ಬಿ.ಪಿ., ಗಡ್ಡೆಯ ಗಾತ್ರವನ್ನಲ್ಲ. 2014ರ ಪೈಥೋ ಅಧ್ಯಯನದಲ್ಲಿ ಇಂಥದೇ ಸ್ಥಿತಿಯ ಸಾವಿರದಷ್ಟು ರೋಗಿಗಳಿದ್ದರು. ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಕೊಟ್ಟಾಗ ಬಿ.ಪಿ. ಕುಸಿಯುವುದು ಕಡಿಮೆಯಾಯಿತು, ಆದರೆ ನೂರಕ್ಕೆ ಇಬ್ಬರಿಗಿಂತ ತುಸು ಹೆಚ್ಚು ಮಂದಿಗೆ ಪಾರ್ಶ್ವವಾಯು ಹೊಡೆಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಒಂದನ್ನೇ ಪಡೆದವರಲ್ಲಿ ಅದು 500ಕ್ಕೆ ಒಬ್ಬರಿಗೆ.

ತೂಕ 60 ಕೆ.ಜಿ., ಕಿಡ್ನಿ ಸರಿಯಿತ್ತು. ಹೆಪಾರಿನ್ ಜಾತಿಯ ಎನಾಕ್ಸಪಾರಿನ್ 60 ಮಿ.ಗ್ರಾಂ ಹನ್ನೆರಡು ತಾಸಿಗೊಮ್ಮೆ ಹಾಕಿದೆ. ಆಲ್ಟೆಪ್ಲೇಸ್ ಗಡ್ಡೆ ಕರಗಿಸುವ ದುಬಾರಿ ಔಷಧ. ಬಳಸದಿದ್ದರೆ ವಾಪಸ್ ಎಂಬ ಮಾತಿನ ಮೇಲೆ ತರಿಸಿ ವಾರ್ಡಿನಲ್ಲೇ ಇಟ್ಟೆ. ಅಂಗಡಿಯವರನ್ನು ಹೇಗೆ ಒಪ್ಪಿಸಿದೆನೆಂದು ಇಲ್ಲಿ ಬಿಚ್ಚಿಡುವುದಿಲ್ಲ. ಬಿ.ಪಿ. 90ರ ಕೆಳಗೆ ಹದಿನೈದು ನಿಮಿಷ ನಿಂತರೆ, ಅಥವಾ ಬಿ.ಪಿ. ಏರಿಸುವ ನಾರ್ಅಡ್ರಿನಲಿನ್ ಬೇಕಾದರೆ, ಎರಡು ತಾಸಿನಲ್ಲಿ ಆಲ್ಟೆಪ್ಲೇಸ್ 100 ಮಿ.ಗ್ರಾಂ ಎಂದು ಚೀಟಿ ಬರೆದು ಮಂಚಕ್ಕೆ ಅಂಟಿಸಿದ್ದೆ.

ರಾತ್ರಿ ಎರಡಕ್ಕೆ ಬಿ.ಪಿ. 96. ಡ್ಯೂಟಿ ಡಾಕ್ಟರು ಸಲೈನ್ ಜೋರಾಗಿ ಬಿಟ್ಟಿದ್ದರು. ಸಲೈನ್ ಹೆಚ್ಚಾದರೆ ಉಬ್ಬಿದ ಹೃತ್ಕುಕ್ಷಿ ಇನ್ನೂ ಹಿಗ್ಗಿ ಎಡಭಾಗವನ್ನು ಅದುಮುತ್ತದೆ, ಕೂಡಲೇ ನಿಲ್ಲಿಸಿದೆ. ನಸುಕಿಗೆ 112 ಆಯಿತು. ದಿನಾ ಬೆಳಿಗ್ಗೆ ನಾನೇ ಎಕೋ ಮಾಡಿದೆ, ಅದು ನನ್ನ ಹುಚ್ಚು. ಬಲ ಹೃತ್ಕುಕ್ಷಿ ಎಷ್ಟು ಚೆನ್ನಾಗಿ ಕುಗ್ಗುತ್ತದೆಂದು ತೋರುವ ಟ್ಯಾಪ್ಸಿ 13 ಮಿ.ಮೀ. ಇದ್ದದ್ದು ನಾಲ್ಕನೇ ದಿನ 17ಕ್ಕೆ ಏರಿತ್ತು.

ಗಡ್ಡೆ ಮತ್ತೆ ಕಟ್ಟದಂತೆ ಕೊಡುವ ಮಾತ್ರೆಯ ವಿಷಯದಲ್ಲಿ ಹಿಂದೆ ನಾನು ಪೆಟ್ಟು ತಿಂದವನು. ಒಬ್ಬ ತಾಯಿಗೆ ವಾರ್ಫರಿನ್ ಶುರುಮಾಡಿ, ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್ಆರ್ 2 ಬಂತೆಂದು ಮೂರನೇ ದಿನಕ್ಕೇ ಹೆಪಾರಿನ್ ನಿಲ್ಲಿಸಿದ್ದೆ. ಅವರಿಗೆ ಮತ್ತೆ ಗಡ್ಡೆಯಾಯಿತು. ಕನಿಷ್ಠ ಐದು ದಿನ ಎರಡೂ ಜೊತೆಗಿರಬೇಕಿತ್ತು. ಇನ್ನೊಬ್ಬರು ಸೋಮವಾರದ ಉಪವಾಸದಲ್ಲಿ ರಿವರೊಕ್ಸಾಬಾನ್ 20 ಮಿ.ಗ್ರಾಂ ಖಾಲಿ ಹೊಟ್ಟೆಗೆ ನುಂಗುತ್ತಿದ್ದರು. ಊಟವಿಲ್ಲದೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ.

ಈ ರೈತರೂ ಶ್ರಾವಣ ಹಿಡಿಯುವವರು. ಅದಕ್ಕೇ ಊಟದ ಹಂಗಿಲ್ಲದ ಅಪಿಕ್ಸಾಬಾನ್ ಕೊಟ್ಟೆ: ವಾರವಿಡೀ 10 ಮಿ.ಗ್ರಾಂ ದಿನಕ್ಕೆರಡು ಸಲ, ಆಮೇಲೆ 5ರಂತೆ. ಕಾಲು ಮುರಿದದ್ದೇ ಕಾರಣವಾದ್ದರಿಂದ ಮೂರು ತಿಂಗಳು ಸಾಕು. ಕಾರಣ ಸಿಗದಿದ್ದರೆ ನಾನು ನಿಲ್ಲಿಸುವುದಿಲ್ಲ. ಆರು ತಿಂಗಳಾದ ಮೇಲೆ 2.5ಕ್ಕೆ ಇಳಿಸಿ ಮುಂದುವರಿಸುತ್ತೇನೆ.

ದೀಪಾವಳಿ ಮುಗಿದ ಮೇಲೆ ಅವರು ಕೋಲಿಲ್ಲದೆ ಮೆಟ್ಟಿಲು ಹತ್ತಿ ಬಂದರು. ಎಕೋ ಸರಿಯಿತ್ತು, ಮಾತ್ರೆ ನಿಲ್ಲಿಸಿದೆ. ಎತ್ತುಗಳು ಮನೆಯಲ್ಲೇ ಇವೆ ಎಂದು ಮಗ ಹೇಳಿದ.