ಸೈಟಿನಿಂದ ಸಾಲದ ಕಡತಕ್ಕೆ: ಎಂಟು ವಾರದ ಇಂಟರ್ನ್‌ಶಿಪ್ ಹೇಳಿಕೊಳ್ಳುವುದು ಹೇಗೆ?

‘ತಂಡದಲ್ಲಿ ಬೆರೆಯುವ ಗುಣ, ಸಮಸ್ಯೆ ಬಿಡಿಸುವ ಜಾಣ್ಮೆ, ವಿಶ್ಲೇಷಣಾ ಸಾಮರ್ಥ್ಯ.’ ಎಂಜಿನಿಯರಿಂಗ್ ಮುಗಿಸಿ ಎಂಬಿಎ ಕೊನೆಯ ವರ್ಷದಲ್ಲಿರುವವರ ರೆಸ್ಯುಮೆ ತೆರೆದರೆ ಈ ಮೂರು ಸಾಲು ತಪ್ಪದೆ ಸಿಗುತ್ತವೆ. ಸಂದರ್ಶನ ಮಾಡುವ ಕಡೆ ಕುಳಿತು ಇವನ್ನು ಓದಿ ಓದಿ ನನ್ನ ಕಣ್ಣು ಈಗ ತಾನಾಗಿಯೇ ಮುಂದಿನ ಸಾಲಿಗೆ ಜಾರುತ್ತದೆ. ಮೂರೂ ಸುಳ್ಳಲ್ಲ. ಆದರೆ ಮೂರರಲ್ಲಿ ಯಾವುದನ್ನೂ ಹಿಡಿದು ಒಂದು ಪ್ರಶ್ನೆ ಕೇಳಲು ಬರುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಂಡೇ ಮಾತಾಡೋಣ. ಕುಮಟಾದ ಹುಡುಗಿ, ಓದಿದ್ದು ಸಿವಿಲ್. ಒಂದು ವರ್ಷ ರಸ್ತೆ ಕಾಮಗಾರಿಯ ಸೈಟಿನಲ್ಲಿದ್ದು, ಈಗ ಎಂಬಿಎಯಲ್ಲಿ ಹಣಕಾಸು ಓದುತ್ತಿದ್ದಾಳೆ. ಬೇಸಿಗೆಯಲ್ಲಿ ಎಂಟು ವಾರ ಊರಿನ ಪತ್ತಿನ ಸಹಕಾರಿ ಸಂಘವೊಂದರ ಸಾಲ ವಿಭಾಗದಲ್ಲಿ ಇಂಟರ್ನ್ ಆಗಿದ್ದಳು. ಬೇಕಾಗಿರುವುದು ಬ್ಯಾಂಕಿನಲ್ಲಿ ಸಾಲ ಪರಿಶೀಲನೆಯ ಕೆಲಸ.

ಮೊದಲು ಮೂರು ಕಾಲಂ ಎಳೆಯಿರಿ

ರೆಸ್ಯುಮೆ ಬರೆಯುವ ಮುನ್ನ ಒಂದು ಹಾಳೆಯಲ್ಲಿ ‘ನಾನು ನೋಡಿದ್ದು’, ‘ನನ್ನ ಕೈಯಾರೆ ಮಾಡಿದ್ದು’, ‘ಬೇರೆಯವರು ತೀರ್ಮಾನಿಸಿದ್ದು’ ಎಂದು ಮೂರು ಭಾಗ ಮಾಡಬೇಕು. ಈ ಹುಡುಗಿ ನೋಡಿದ ಸಾಲದ ಕಡತಗಳು 18. ಟಿಪ್ಪಣಿ ಬರೆದದ್ದು ಆರಕ್ಕೆ. ಮಂಜೂರು ಮಾಡಿದ್ದು ಸಂಘದ ಸಾಲ ಸಮಿತಿ. ಅಲ್ಲಿ ಇವಳ ಪಾತ್ರ ಏನೂ ಇಲ್ಲ. ‘18 ಸಾಲಗಳ ಮೌಲ್ಯಮಾಪನ ನಿರ್ವಹಿಸಿದೆ’ ಎಂದು ಬರೆದರೆ ಮೂರೂ ಕಾಲಂ ಕಲಸಿ ಹೋಗುತ್ತವೆ. ‘ಒಂದು ಕಡತವನ್ನು ನೀವು ಯಾಕೆ ತಿರಸ್ಕರಿಸಿದಿರಿ?’ ಎಂದು ಕೇಳಿದರೆ ಸಾಕು, ಮಾತು ನಿಂತುಬಿಡುತ್ತದೆ. ಎಂಟು ವಾರದ ಇಂಟರ್ನ್ ಯಾರ ಸಾಲವನ್ನೂ ತಿರಸ್ಕರಿಸುವುದಿಲ್ಲ ಎಂಬುದು ಎದುರಿಗೆ ಕುಳಿತವರಿಗೆ ಗೊತ್ತಿರುತ್ತದೆ.

ಆರು ದೊಡ್ಡ ಸಂಖ್ಯೆಯಲ್ಲ. ಇರಲಿ.

ಹಳೆಯ ವಿದ್ಯೆ ಹೊಸ ಕೆಲಸಕ್ಕೆ ಬಂದ ಒಂದೇ ಒಂದು ಜಾಗ ಹುಡುಕಿ

ಇದಕ್ಕೆ ಹೆಚ್ಚು ಹೊತ್ತು ಕೊಡಿ. ಕೌಶಲ ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ಬರುತ್ತದೆ ಎಂದು ಹೇಳುವುದು ಸುಲಭ. ಬಂದದ್ದು ಎಲ್ಲಿ ಎಂದು ಬೆರಳಿಟ್ಟು ತೋರಿಸಬೇಕು.

ಆ ಆರರಲ್ಲಿ ಗೋಕರ್ಣದ ಹತ್ತಿರ ಹೋಂಸ್ಟೇ ಕಟ್ಟುವ ಸಾಲದ ಅರ್ಜಿಯೊಂದಿತ್ತು. ತಿಂಗಳ ಕಂತು 40,000 ರೂಪಾಯಿ, ವರ್ಷಕ್ಕೆ 4.8 ಲಕ್ಷ. ಯೋಜನಾ ವರದಿಯ ಪ್ರಕಾರ ಕಂತು ಕಟ್ಟಲು ವರ್ಷಕ್ಕೆ 6.72 ಲಕ್ಷ ಕೈಗೆ ಸಿಗುತ್ತದೆ. ಭಾಗಿಸಿದರೆ 1.4. ಬ್ಯಾಂಕಿನವರು ಡಿಎಸ್‌ಸಿಆರ್ ಎನ್ನುವ ಅನುಪಾತ ಇದು: ಒಂದು ರೂಪಾಯಿ ಕಂತಿಗೆ ಎದುರಾಗಿ ಒಂದು ರೂಪಾಯಿ ನಲವತ್ತು ಪೈಸೆ ಇದೆ ಎಂದು ಅರ್ಥ. ಕಾಗದದ ಮೇಲೆ ಚೆನ್ನಾಗಿಯೇ ಕಾಣುತ್ತದೆ.

ಹಣಕಾಸನ್ನಷ್ಟೇ ಓದಿದವರು ಇಲ್ಲಿಗೆ ಪುಟ ತಿರುಗಿಸುತ್ತಿದ್ದರೇನೋ. ಇವಳು ಕಾಮಗಾರಿಯ ವೇಳಾಪಟ್ಟಿಯನ್ನೂ ನೋಡಿದಳು. ಮಾರ್ಚ್ ಮಧ್ಯದಲ್ಲಿ ಆರಂಭ, ಆರು ತಿಂಗಳ ಕೆಲಸ, ಸೆಪ್ಟೆಂಬರ್ ಮಧ್ಯಕ್ಕೆ ಮುಕ್ತಾಯ, ಅಕ್ಟೋಬರಿನಿಂದ ಮೊದಲ ಕಂತು. ನಮ್ಮ ಕರಾವಳಿಯಲ್ಲಿ ಒಂದು ಮಳೆಗಾಲ ಕಂಡವರಿಗೂ ನಗು ಬರಬೇಕಾದ ಲೆಕ್ಕ. ಜೂನ್ ಹಿಡಿದ ಮೇಲೆ ಚಾವಣಿಯಿಲ್ಲದ ಚಿರೆಕಲ್ಲಿನ ಗೋಡೆಗೆ ಹೊದಿಕೆ ಹೊದಿಸಿ ಕೂರಬೇಕಾಗುತ್ತದೆ. ಮೇ ಕೊನೆಯವರೆಗೆ ಸಿಗುವ ಎರಡೂವರೆ ತಿಂಗಳಲ್ಲಿ ಗೋಡೆ ಲಿಂಟಲ್ ಮಟ್ಟ ಮುಟ್ಟಿದರೆ ಹೆಚ್ಚು. ಉಳಿದ ಮೂರೂವರೆ ತಿಂಗಳ ಕೆಲಸ ಅಕ್ಟೋಬರಿನಿಂದ ಶುರುವಾಗಿ ಜನವರಿ ಮಧ್ಯಕ್ಕೆ ಮುಗಿಯುತ್ತದೆ. ಬಾಗಿಲು ತೆರೆಯುವುದು ತಿಂಗಳ ಕೊನೆಗೆ. ಅಷ್ಟರಲ್ಲಿ ಅಕ್ಟೋಬರಿನಿಂದ ಜನವರಿಯವರೆಗೆ ನಾಲ್ಕು ಕಂತು, ಅಂದರೆ 1.6 ಲಕ್ಷ ರೂಪಾಯಿ, ಒಬ್ಬ ಅತಿಥಿಯೂ ಬರುವ ಮುನ್ನ ಕಟ್ಟಬೇಕಾಗುತ್ತದೆ. ಸಾಲಗಾರ ಒಳ್ಳೆಯವನೇ ಆಗಿದ್ದರೂ ಖಾತೆ ಮೊದಲ ವರ್ಷವೇ ಸುಸ್ತಿಯಾಗುವ ದಾರಿ ಇದು.

ಮೊದಲ ಕಂತನ್ನು ಫೆಬ್ರುವರಿಗೆ ಮುಂದೂಡಿದರೆ ಒಳಿತು ಎಂದು ಅವಳು ಒಂದು ಪುಟದ ಟಿಪ್ಪಣಿ ಬರೆದಳು. ಅಧಿಕಾರಿ ಅದನ್ನು ಸಮಿತಿಯ ಮುಂದಿಟ್ಟರು, ಸಮಿತಿ ಒಪ್ಪಿತು. ಅವಳು ಬರೆದುಕೊಳ್ಳಬೇಕಾದದ್ದು ಇದನ್ನು.

ವಿದ್ಯೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಗುರುತಿಸಿಕೊಳ್ಳಿ

ಕಟ್ಟಡದ ವೇಳೆ ಅಂದಾಜು ಮಾಡುವುದು ಸೈಟಿನಿಂದ ಬಂದ ವಿದ್ಯೆ. ಅನುಪಾತದ ಲೆಕ್ಕ ತರಗತಿಯಿಂದ ಬಂದದ್ದು. ಆದರೆ 6.72 ಲಕ್ಷ ಎಂಬ ಅಂಕಿ ಅರ್ಜಿದಾರನೇ ಕೊಟ್ಟದ್ದು. ಎಷ್ಟು ಕೋಣೆ ಎಷ್ಟು ದಿನ ತುಂಬುತ್ತದೆ ಎಂದು ಅವಳು ಅಕ್ಕಪಕ್ಕದಲ್ಲಿ ವಿಚಾರಿಸಿರಲಿಲ್ಲ. ಈ ಮಾತನ್ನು ಕೇಳುವ ಮೊದಲೇ ತಾನಾಗಿ ಹೇಳಿದರೆ ಉಳಿದ ಮಾತಿಗೂ ತೂಕ ಬರುತ್ತದೆ. ಬಚ್ಚಿಟ್ಟರೆ ಎರಡನೆಯ ಪ್ರಶ್ನೆಯಲ್ಲೇ ಹೊರಬರುತ್ತದೆ, ಏಕೆಂದರೆ ಸಾಲದ ಕೆಲಸ ಬಲ್ಲವರು ಮೊದಲು ಕೇಳುವುದೇ ‘ಆದಾಯದ ಅಂಕಿ ಎಲ್ಲಿಂದ ಬಂತು?’ ಎಂದು.

ಈಗ ರೆಸ್ಯುಮೆಯ ಸಾಲು

ಅವಳ ಮೊದಲ ಕರಡು ಹೀಗಿರಬಹುದು: ‘ಸಾಲ ಮೌಲ್ಯಮಾಪನದಲ್ಲಿ ಮಹತ್ವದ ಪಾತ್ರ ವಹಿಸಿ ಸಂಸ್ಥೆಯ ಅಪಾಯ ತಗ್ಗಿಸಿದೆ.’ ಸಂಘದ ಅಪಾಯ ಎಷ್ಟು ತಗ್ಗಿತು ಎಂದು ಅಳೆದವರಿಲ್ಲ. ಆ ಸಾಲದ ಕಂತೇ ಇನ್ನೂ ಶುರುವಾಗಿಲ್ಲ. ತಿದ್ದಿದ ಸಾಲು: ‘ಆರು ಸಾಲ ಅರ್ಜಿಗಳಿಗೆ ಪರಿಶೀಲನಾ ಟಿಪ್ಪಣಿ ಬರೆದೆ. ಒಂದು ಹೋಂಸ್ಟೇ ಯೋಜನೆಯಲ್ಲಿ ಮಳೆಗಾಲದ ವಿಳಂಬದಿಂದ ಆದಾಯಕ್ಕೆ ಮುನ್ನವೇ 1.6 ಲಕ್ಷ ರೂಪಾಯಿ ಕಂತು ಬೀಳುವುದನ್ನು ಗುರುತಿಸಿದೆ. ಕಂತು ಮುಂದೂಡುವ ಸಲಹೆಯನ್ನು ಸಾಲ ಸಮಿತಿ ಅಂಗೀಕರಿಸಿತು.’ ಬರೆದೆ, ಗುರುತಿಸಿದೆ ಎಂಬಲ್ಲಿ ಕೆಲಸ ಅವಳದ್ದು. ಅಂಗೀಕರಿಸಿತು ಎಂಬಲ್ಲಿ ಸಮಿತಿಯದ್ದು. ಸಾಲು ಸ್ವಲ್ಪ ಉದ್ದವಾಯಿತು. ಜಾಗ ಬೇಕಾದರೆ ಮೇಲಿನ ಮೂರು ಗುಣವಾಚಕಗಳನ್ನು ತೆಗೆದುಹಾಕಿ.

ಹುದ್ದೆಯ ಹೆಸರು ಪ್ರಮಾಣಪತ್ರದಲ್ಲಿ ಇದ್ದಂತೆಯೇ ಇರಲಿ. ‘ಇಂಟರ್ನ್’ ಎಂದಿದ್ದರೆ ‘ಸಾಲ ವಿಶ್ಲೇಷಕಿ’ ಎಂದು ಬಡ್ತಿ ಕೊಟ್ಟುಕೊಳ್ಳಬೇಡಿ. ದಿನಾಂಕವೂ ಹಾಗೆಯೇ.

‘ಎಂಜಿನಿಯರಿಂಗ್ ಯಾಕೆ ಬಿಟ್ಟಿರಿ?’

ಈ ಪ್ರಶ್ನೆ ಬಂದೇ ಬರುತ್ತದೆ. ‘ಆಸಕ್ತಿ ಬದಲಾಯಿತು’ ಎಂದರೆ ನಾಳೆ ಮತ್ತೆ ಬದಲಾಗಬಹುದಲ್ಲ ಎನಿಸುತ್ತದೆ. ಹಳೆಯ ಕ್ಷೇತ್ರವನ್ನು ಬಯ್ದರೆ ಇನ್ನೂ ಕೆಟ್ಟದ್ದು. ನಮ್ಮ ಹುಡುಗಿಗೆ ಒಂದು ಘಟನೆ ಇದೆ. ಅವಳ ಸೈಟಿನಲ್ಲಿ ಮೂರು ವಾರ ಕೆಲಸ ನಿಂತದ್ದು ಜಲ್ಲಿ ಸಿಮೆಂಟಿನ ಕೊರತೆಯಿಂದಲ್ಲ. ಅಳತೆ ಪುಸ್ತಕ ತುಂಬುವುದು ತಡವಾಗಿ ಬಿಲ್ಲು ಪಾಸಾಗದೆ, ಕೆಲಸಗಾರರಿಗೆ ಕೊಡಲು ದುಡ್ಡಿಲ್ಲದೆ. ಅಳತೆ ಬರೆದು ಬಿಲ್ಲು ಜೋಡಿಸುವ ಹೊಣೆ ಆಗ ಅವಳ ಮೇಲೆ ಬಿತ್ತು. ದುಡ್ಡು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ಅವಳ ತಲೆ ಹೊಕ್ಕದ್ದು ಅಲ್ಲಿ. ಇಷ್ಟು ಹೇಳಿದರೆ ಹೋಂಸ್ಟೇ ಕಡತದಲ್ಲಿ ಅವಳ ಕಣ್ಣು ವೇಳಾಪಟ್ಟಿಯ ಮೇಲೆ ಯಾಕೆ ಬಿತ್ತು ಎಂಬುದು ಕೇಳುವವರಿಗೆ ತಾನಾಗಿ ಹೊಳೆಯುತ್ತದೆ.

ಇದನ್ನು ಒಂದೂವರೆ ನಿಮಿಷದಲ್ಲಿ ಹೇಳಲು ಮನೆಯಲ್ಲಿ ಯಾರನ್ನಾದರೂ ಎದುರಿಗೆ ಕೂರಿಸಿಕೊಂಡು ಅಭ್ಯಾಸ ಮಾಡಿ. ಅರ್ಥವಾಗದ ಕಡೆ ತಡೆಯಲು ಅವರಿಗೆ ಹೇಳಿ. ಲೆಕ್ಕ ಗೊತ್ತಿಲ್ಲದ ಚಿಕ್ಕಮ್ಮ ತಡೆಯುವ ಜಾಗದಲ್ಲೇ ಸಂದರ್ಶಕರೂ ತಡೆಯುತ್ತಾರೆ.

ಕಳುಹಿಸುವ ಮುನ್ನ

ಸಾಲಗಾರನ ಹೆಸರು, ಜಾಗದ ಸರ್ವೆ ನಂಬರು, ಕಡತದ ಫೋಟೊ ಯಾವುದೂ ನಿಮ್ಮ ಜತೆ ಹೊರಗೆ ಬರಬಾರದು. ಎಷ್ಟು ವಿವರ ಹೇಳಿಕೊಳ್ಳಬಹುದು ಎಂದು ಇಂಟರ್ನ್‌ಶಿಪ್‌ನಲ್ಲಿ ಮೇಲ್ವಿಚಾರಣೆ ಮಾಡಿದ ಅಧಿಕಾರಿಯನ್ನೇ ಕೇಳಿ. ಆಗಲೇ ಆ ತಿದ್ದಿದ ಸಾಲನ್ನು ಅವರಿಗೆ ಓದಿ ಹೇಳಿ. ನಾಳೆ ಬ್ಯಾಂಕಿನಿಂದ ಫೋನು ಬಂದರೆ ‘ಹೌದು, ಆ ಟಿಪ್ಪಣಿ ಅವಳೇ ಬರೆದದ್ದು’ ಎನ್ನುವರೋ, ಅಥವಾ ‘ಯಾವ ಟಿಪ್ಪಣಿ?’ ಎನ್ನುವರೋ ಎಂಬುದು ಅಲ್ಲೇ ಗೊತ್ತಾಗುತ್ತದೆ.